ಕನ್ನಡದಲ್ಲಿ ಬಂದ ಲೇಖನವನ್ನೇ ಇಂಗ್ಲಿಷಿಗೆ ಮಾಡಿ ಇನ್ನೊಂದು ಜರ್ನಲ್‌ಗೆ ಕಳಿಸಬಹುದಾ?

ಪ್ರಶ್ನೆ: ಮೇಡಂ, ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳ ಸಾಲದ ಬಗ್ಗೆ 2019ರಲ್ಲಿ 72 ಕುಟುಂಬಗಳನ್ನು ಮಾತಾಡಿಸಿ, 2021ರಲ್ಲಿ ಕನ್ನಡದ ಒಂದು ಸಂಶೋಧನಾ ತ್ರೈಮಾಸಿಕದಲ್ಲಿ ಲೇಖನ ಪ್ರಕಟಿಸಿದ್ದೆ. ನನ್ನ ವಿದ್ಯಾರ್ಥಿಯೊಬ್ಬ ಸಹಲೇಖಕ. 2024ರಲ್ಲಿ ಅದೇ ಮನೆಗಳಲ್ಲಿ 46ಕ್ಕೆ ಮತ್ತೆ ಹೋಗಿ ಬಂದೆ. ಈಗ ನಮ್ಮ ಇಂಗ್ಲಿಷ್ ವಿಭಾಗದ ಮೇಡಂ ಹಳೆಯ ಲೇಖನವನ್ನು ಅನುವಾದ ಮಾಡಿಕೊಟ್ಟಿದ್ದಾರೆ. ಹೊಸದೊಂದು ಟೇಬಲ್ ಸೇರಿಸಿ ಇಂಗ್ಲಿಷ್ ಜರ್ನಲ್‌ಗೆ ಕಳಿಸೋಣ ಅಂತಿದ್ದೇನೆ. ಕೃತಿಚೌರ್ಯ ಪತ್ತೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಬರೀ 4% ಹೋಲಿಕೆ ಬಂತು. ಹತ್ತರೊಳಗಿದೆ, ಭಾಷೆಯೂ ಬೇರೆ, ಹಳೆಯದರ ಸುದ್ದಿ ಎತ್ತಬೇಡಿ ಅಂತಾರೆ ಸಹೋದ್ಯೋಗಿಗಳು. ಎರಡೂ ಲೇಖನ ಮತ್ತು ಆ ಸಾಫ್ಟ್‌ವೇರ್ ಕೊಟ್ಟ ವರದಿ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ಹಳೆಯ ಲೇಖನದ ವಿಷಯ ಹೇಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲಿ ಹೇಳಬೇಕು, ಹೇಗೆ ಹೇಳಬೇಕು ಎನ್ನುವುದಕ್ಕಿಂತ ಮೊದಲು ಆ 4%ನ್ನು ಸರಿಯಾಗಿ ಓದಬೇಕು. ನೀವು ಕಳಿಸಿದ್ದನ್ನೆಲ್ಲ ಎರಡು ದಿನ ಕೂತು ನೋಡಿದ್ದೇನೆ. ಆ ವರದಿ ನೋಡಬೇಕಾದ ದೊಡ್ಡ ವಿಷಯವನ್ನು ನೋಡಿಯೇ ಇಲ್ಲ. ನೀವು ಸಣ್ಣದು ಅಂದುಕೊಂಡಿರುವುದನ್ನು ಮಾತ್ರ ಹಿಡಿದು ತೋರಿಸಿದೆ.

ಈ ಸಾಫ್ಟ್‌ವೇರ್‌ಗಳ ಮುಖ್ಯ ಕೆಲಸ ಪದಗಳ ಸಾಲುಗಳನ್ನು ಹೋಲಿಸುವುದು. ನಿಮ್ಮ ಇಂಗ್ಲಿಷ್ ವಾಕ್ಯವನ್ನು ತನ್ನ ಸಂಗ್ರಹದಲ್ಲಿರುವ ವಾಕ್ಯಗಳ ಪಕ್ಕ ಇಟ್ಟು ನೋಡುತ್ತದೆ. ಕನ್ನಡ ವಾಕ್ಯದ ಅರ್ಥವನ್ನು ಇಂಗ್ಲಿಷ್ ವಾಕ್ಯದ ಅರ್ಥದ ಜೊತೆ ಹೋಲಿಸುವುದು ಬೇರೆಯದೇ ಕೆಲಸ. ಕೆಲವು ಭಾಷೆಗಳಿಗೆ ಅಂಥ ಸೌಲಭ್ಯ ಬಂದಿದೆ. ಆದರೆ ನಿಮ್ಮ ವಿಷಯದಲ್ಲಿ ಅದು ಇದ್ದಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ. ಯಾಕೆ ಅಂದರೆ, ನಿಮ್ಮ 2021ರ ಕನ್ನಡ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವರ್ಡ್‌ಗೆ ಹಾಕಿ ನೋಡಿದೆ. ಕನ್ನಡ ಬರಲಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಗೆರೆಗಳು ಬಂದವು. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪುಟಗಳ ಹಣೆಬರಹ ಇಷ್ಟೇ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ನಮ್ಮ ಎಷ್ಟೋ ಕನ್ನಡ ಜರ್ನಲ್‌ಗಳ ಹಳೆಯ ಸಂಚಿಕೆಗಳು ಹೀಗೇ ಇವೆ. ಹಾಗಾಗಿ ನಿಮ್ಮ ಇಡೀ ಲೇಖನ ಎರಡನೇ ಸಲ ಬರುತ್ತಿದೆ ಎನ್ನುವುದು ಆ ವರದಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. 4% ಅಂದರೆ ಉಳಿದ 96% ಹೊಸದು ಅಂತ ಅಲ್ಲ.

ಈಗ ಆ 4% ಎಲ್ಲಿದೆ ನೋಡಿ. ನಿಮ್ಮ ಇಂಗ್ಲಿಷ್ ಪ್ರತಿ ಸುಮಾರು 6,500 ಪದ. ಅದರ 4% ಅಂದರೆ 260 ಪದ. ಇವು ಲೇಖನದ ತುಂಬ ಅಲ್ಲಲ್ಲಿ ಚೆಲ್ಲಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಬಣ್ಣ ಹಚ್ಚಿದ ಸಾಲುಗಳೆಲ್ಲ ಎರಡನೇ ಪುಟದಲ್ಲೇ ಇವೆ. ಚರಕದಿಂದ ಕಾಟೇಜ್ ಬೇಸಿನ್‌ಗೆ, ಅಲ್ಲಿಂದ ಮಲ್ಟಿ ಎಂಡ್‌ಗೆ ರೀಲಿಂಗ್ ಹೇಗೆ ಬದಲಾಯಿತು ಎಂದು ಹೇಳುವ ಒಂದೂವರೆ ಪ್ಯಾರಾ ಅದು. ಹೊಂದಿಕೆಯಾಗಿರುವುದು ಒಂದೇ ಇಂಗ್ಲಿಷ್ ವರದಿಯ ಜೊತೆ. ನಿಮ್ಮ ಕನ್ನಡ ಲೇಖನದಲ್ಲಿ ಅದೇ ಪ್ಯಾರಾ ಓದಿದೆ. ಅಲ್ಲಿ ಆ ಇಂಗ್ಲಿಷ್ ವರದಿಯ ಹೆಸರು ಕೊನೆಯ ಗ್ರಂಥಋಣದಲ್ಲಿದೆ, ಪ್ಯಾರಾದಲ್ಲಿ ಇಲ್ಲ. ಉದ್ಧರಣ ಚಿಹ್ನೆಯೂ ಇಲ್ಲ.

ಏನಾಗಿದೆ ಅಂತ ಊಹಿಸುವುದು ಕಷ್ಟವಲ್ಲ. 2021ರಲ್ಲಿ ನೀವು ಇಂಗ್ಲಿಷ್ ವರದಿ ಓದಿ, ಆ ಭಾಗವನ್ನು ವಾಕ್ಯಕ್ಕೆ ವಾಕ್ಯ ಕನ್ನಡಕ್ಕೆ ತಂದಿರಿ. ಕನ್ನಡದಲ್ಲಿ ಬರೆದದ್ದರಿಂದ ಅದು ನಿಮ್ಮದೇ ಬರವಣಿಗೆ ಅನ್ನಿಸಿತು. ಈಗ ಇಂಗ್ಲಿಷ್ ಮೇಡಂ ಅದನ್ನು ಪ್ರಾಮಾಣಿಕವಾಗಿ ಮತ್ತೆ ಇಂಗ್ಲಿಷಿಗೆ ಮಾಡಿದರು. ಅನುವಾದ ಎಷ್ಟು ಚೆನ್ನಾಗಿತ್ತೆಂದರೆ ವಾಕ್ಯಗಳು ಹುಟ್ಟಿದ ಜಾಗಕ್ಕೇ ವಾಪಸ್ ಬಂದವು. ಇದನ್ನೇ ಅನುವಾದದ ಕೃತಿಚೌರ್ಯ ಎನ್ನುವುದು. ಬೇರೆಯವರ ವಾಕ್ಯ ಮತ್ತು ವಿಚಾರದ ಜೋಡಣೆಯನ್ನು ಭಾಷೆ ಬದಲಿಸಿ, ಹೆಸರು ಹೇಳದೆ ನಮ್ಮದಾಗಿ ಇಡುವುದು. ನೀವು ಬೇಕೆಂದೇ ಮಾಡಿಲ್ಲ ಎಂದು ನಂಬುತ್ತೇನೆ. ಕನ್ನಡದಲ್ಲಿ ಸಂಶೋಧನೆ ಬರೆಯುವವರಿಗೆ ಆಕರಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಓದುವುದು ಅಲ್ಲಿ, ಬರೆಯುವುದು ಇಲ್ಲಿ. ನಡುವೆ ಟಿಪ್ಪಣಿ ಮಾಡಿಕೊಳ್ಳುವಾಗ ಯಾವುದು ಅನುವಾದ, ಯಾವುದು ನಮ್ಮ ಸಾರಾಂಶ ಎಂದು ಗುರುತು ಹಾಕದಿದ್ದರೆ ಮೂರು ತಿಂಗಳ ಮೇಲೆ ನಮಗೇ ಗೊತ್ತಾಗುವುದಿಲ್ಲ. ಆದರೂ ತಪ್ಪು ತಪ್ಪೇ. ಆ ಪ್ಯಾರಾ ನಿಮ್ಮದಲ್ಲ.

ಸರಿಪಡಿಸುವುದು ಹೀಗೆ. ಕನ್ನಡ ಲೇಖನವನ್ನು ಪ್ರಿಂಟ್ ತೆಗೆಯಿರಿ. ಇಂಗ್ಲಿಷ್ ಆಕರದಿಂದ ಬಂದ ಪ್ರತಿ ವಾಕ್ಯಕ್ಕೂ ಅಂಚಿನಲ್ಲಿ ಕೆಂಪು ಗೆರೆ ಹಾಕಿ. ಸಾಫ್ಟ್‌ವೇರ್ ತೋರಿಸಿದ 260 ಪದಗಳಿಗೆ ಮಾತ್ರವಲ್ಲ, ಎಲ್ಲದಕ್ಕೂ. ಸಾಫ್ಟ್‌ವೇರ್ ತಪ್ಪಿಸಿಕೊಂಡದ್ದೂ ಇರುತ್ತದೆ. ಆಮೇಲೆ ಒಂದೊಂದಕ್ಕೂ ಮೂಲ ಇಂಗ್ಲಿಷ್ ಪುಟವನ್ನೇ ಹುಡುಕಿ ತೆಗೆಯಿರಿ. ಆ ಮಾತುಗಳೇ ಬೇಕಿದ್ದರೆ ಮೂಲದಲ್ಲಿ ಇರುವಂತೆಯೇ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪುಟಸಂಖ್ಯೆ ಕೊಡಿ. ಬೇಡವಾದರೆ ನಿಮ್ಮ ವಾದಕ್ಕೆ ಬೇಕಾದ ಎರಡು ಮೂರು ವಾಕ್ಯದಲ್ಲಿ ಹೊಸದಾಗಿ ಬರೆದು, ಅಲ್ಲೇ ಆಕರ ಹೇಳಿ. ಕನ್ನಡದಲ್ಲಿ ಉದ್ಧರಣೆ ಹಾಕಿದ್ದ ಜಾಗಗಳಲ್ಲಂತೂ ಹಿಮ್ಮುಖ ಅನುವಾದವನ್ನು ಚಿಹ್ನೆಯೊಳಗೆ ಇಡಲೇಬಾರದು. ಆ ಲೇಖಕರು ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟಂತಾಗುತ್ತದೆ. ನಿಮ್ಮ ಪ್ರತಿಯ ಒಂಬತ್ತನೇ ಪುಟದಲ್ಲಿ ಇದು ಒಂದು ಸಲ ಆಗಿದೆ. ಹಾಗೆಯೇ ಕನ್ನಡ ತ್ರೈಮಾಸಿಕದ ಸಂಪಾದಕರಿಗೂ ಬರೆದು, ಆ ಒಂದೂವರೆ ಪ್ಯಾರಾದ ಆಕರ ತಿಳಿಸುವ ಸಣ್ಣ ತಿದ್ದುಪಡಿ ಹಾಕಿಸಿ. ಯಾರೂ ಕೇಳಿಲ್ಲ ಎಂದು ಬಿಡಬೇಡಿ.

ಇನ್ನು ನಿಮ್ಮದೇ ಲೇಖನ ಮತ್ತೆ ಬರುವ ವಿಷಯ. ಸಹೋದ್ಯೋಗಿಗಳು ಹೇಳುವ ಹತ್ತು ಪರ್ಸೆಂಟ್ ಯುಜಿಸಿಯ 2018ರ ನಿಯಮದ್ದು. ಹೋಲಿಕೆ 10%ವರೆಗೆ ಇದ್ದರೆ ದಂಡವಿಲ್ಲ ಎಂದು ಅದರಲ್ಲಿದೆ. ಜನ ಅದನ್ನು ಹತ್ತರವರೆಗೆ ತೆಗೆದುಕೊಳ್ಳಬಹುದು ಎಂದು ಓದಿಕೊಂಡಿದ್ದಾರೆ. ಆ ನಿಯಮ ಕೃತಿಚೌರ್ಯ ಅನ್ನುವುದು ಬೇರೆಯವರ ಕೆಲಸವನ್ನು ತನ್ನದೆಂದು ತೋರಿಸುವುದಕ್ಕೆ. ಸ್ವಂತ ಲೇಖನದ ಮರುಬಳಕೆ ಬಗ್ಗೆ ಯುಜಿಸಿ 2020ರ ಏಪ್ರಿಲ್‌ನಲ್ಲಿ ಬೇರೆಯೇ ಸೂಚನೆ ಹೊರಡಿಸಿತು. ಮೊದಲೇ ಪ್ರಕಟವಾದ ತನ್ನ ಕೆಲಸವನ್ನು, ಪೂರ್ತಿಯಾಗಲಿ ಭಾಗವಾಗಲಿ, ಸರಿಯಾಗಿ ಉಲ್ಲೇಖಿಸದೆ ಹೊಸದು ಎಂದು ತೋರಿಸಿ ಶೈಕ್ಷಣಿಕ ಲಾಭ ಪಡೆಯುವುದು ಒಪ್ಪತಕ್ಕದ್ದಲ್ಲ ಎಂಬುದು ಅದರ ತಿರುಳು. ಅಲ್ಲಿ ತೂಕವೆಲ್ಲ ಇರುವುದು "ಉಲ್ಲೇಖಿಸದೆ" ಮತ್ತು "ಹೊಸದು ಎಂದು" ಎನ್ನುವ ಎರಡು ಕಡೆ. ಅನುವಾದಿಸುವುದು ತಪ್ಪಲ್ಲ. ಕನ್ನಡದ ಕೆಲಸ ಇಂಗ್ಲಿಷ್ ಓದುಗರಿಗೂ ಸಿಗಲಿ ಎಂದು ನನಗೂ ಆಸೆಯಿದೆ. ಮುಚ್ಚಿಡುವುದು ತಪ್ಪು.

ಜರ್ನಲ್‌ಗೆ ಕಳಿಸುವಾಗ ಒಂದು ಚೌಕಕ್ಕೆ ಟಿಕ್ ಹಾಕಿಸಿಕೊಳ್ಳುತ್ತಾರೆ, ಈ ಲೇಖನ ಹಿಂದೆ ಎಲ್ಲೂ ಪ್ರಕಟವಾಗಿಲ್ಲ ಎಂದು. ಅಲ್ಲಿ "ಇಂಗ್ಲಿಷಿನಲ್ಲಿ" ಎಂದು ಇರುವುದಿಲ್ಲ. ಎಲ್ಸ್‌ವಿಯರ್ ಪ್ರಕಾಶನದ ಜರ್ನಲ್‌ಗಳು ಲೇಖಕರಿಗೆ ಕೊಡುವ ಸೂಚನೆಯಂತೂ ಮುಂದೆಯೂ ಬೇರೆ ಕಡೆ, ಇಂಗ್ಲಿಷಿನಲ್ಲಾಗಲಿ ಇನ್ಯಾವುದೇ ಭಾಷೆಯಲ್ಲಾಗಲಿ, ಹೀಗೇ ಪ್ರಕಟಿಸುವುದಿಲ್ಲ ಎಂದು ಒಪ್ಪಿಸಿಕೊಳ್ಳುತ್ತದೆ. ಅಲ್ಲಿ ಸುಮ್ನೆ ಟಿಕ್ ಒತ್ತಿದರೆ ಅದು ಸುಳ್ಳು ಹೇಳಿಕೆ.

ನಾನು ಒಮ್ಮೆ ಹಾಗೆ ಒತ್ತಿದ್ದೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಬಯಲುಸೀಮೆಯ ಸಂತೆಗಳ ಮೇಲಿನ ನನ್ನ ಕನ್ನಡ ಲೇಖನವನ್ನು ಇಂಗ್ಲಿಷಿಗೆ ಮಾಡಿ ಒಂದು ಜರ್ನಲ್‌ಗೆ ಕಳಿಸಿದೆ, ಕನ್ನಡದ ಮಾತೇ ಎತ್ತಲಿಲ್ಲ. ಮೂರು ತಿಂಗಳಿಗೆ ಸಂಪಾದಕರ ಪತ್ರ ಬಂತು. ಒಬ್ಬ ವಿಮರ್ಶಕರಿಗೆ ಕನ್ನಡ ಬರುತ್ತಿತ್ತು. ನನ್ನ ಕನ್ನಡ ಲೇಖನದ ಮೂರನೇ ಟೇಬಲ್‌ನಲ್ಲಿ ಕೂಡುವಾಗ ಒಂದು ತಪ್ಪಾಗಿತ್ತು, 98 ಆಗಬೇಕಾದ ಕಡೆ 89 ಎಂದಿತ್ತು. ಇಂಗ್ಲಿಷ್ ಟೇಬಲ್‌ನಲ್ಲೂ ಅದೇ 89. ಎರಡೂ ಪುಟಗಳ ನಕಲು ಲಗತ್ತಿಸಿ ಕಳಿಸಿದ್ದರು. ಆ ಕವರ್ ತೆರೆದ ಮಧ್ಯಾಹ್ನ ನಾನು ಕ್ಲಾಸಿಗೆ ಹೋಗಲಾಗಲಿಲ್ಲ. ಈಗಲೂ ಯಾವುದಾದರೂ ಎರಡು ಲೇಖನ ಒಂದೇ ಎಂದು ಅನುಮಾನ ಬಂದರೆ ನಾನು ಮೊದಲು ನೋಡುವುದು ಟೇಬಲ್‌ಗಳನ್ನು. ವಾಕ್ಯ ಭಾಷೆ ಬದಲಿಸುತ್ತದೆ, ಅಂಕಿ ಬದಲಿಸುವುದಿಲ್ಲ.

ನಿಮ್ಮ ಪ್ರತಿಗೂ ಅದನ್ನೇ ಮಾಡಿದೆ. ಇಂಗ್ಲಿಷಿನಲ್ಲಿ ಐದು ಟೇಬಲ್ ಇವೆ. ನಾಲ್ಕು 2021ರವೇ, ಒಂದು ಅಂಕಿಯೂ ಬೇರೆಯಿಲ್ಲ. ಐದನೆಯದು ಮಾತ್ರ ಹೊಸದು, ಅದರ ಕೆಳಗೆ ಎರಡು ಪ್ಯಾರಾ. ಇದು ಸದ್ಯಕ್ಕೆ ಅನುವಾದವೂ ಅಲ್ಲ, ಹೊಸ ಲೇಖನವೂ ಅಲ್ಲ. ಅನುವಾದ ಅನ್ನೋಣ ಅಂದರೆ ಮೂಲದಲ್ಲಿಲ್ಲದ ಟೇಬಲ್ ಇದೆ. ಹೊಸದು ಅನ್ನೋಣ ಅಂದರೆ ಹೆಚ್ಚುಕಮ್ಮಿ ಎಲ್ಲವೂ ಹಳೆಯದು. ಎರಡರಲ್ಲಿ ಒಂದನ್ನು ನೀವು ಆರಿಸಿಕೊಳ್ಳಬೇಕು.

ಮೊದಲ ದಾರಿ, ಅನುವಾದ ಎಂದೇ ಹೇಳಿ ಪ್ರಕಟಿಸುವುದು. ಇದಕ್ಕೆ ಒಳ್ಳೆಯ ಮಾದರಿ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಹಾಕಿಕೊಟ್ಟದ್ದು, ಐಸಿಎಂಜೆಇ ಅನ್ನುತ್ತಾರೆ. ಅವರು ಬರೆದದ್ದು ವೈದ್ಯಕೀಯಕ್ಕೆ, ಆದರೆ ನಮ್ಮ ಕ್ಷೇತ್ರಕ್ಕೂ ಸರಿಹೊಂದುತ್ತದೆ. ಎರಡೂ ಜರ್ನಲ್‌ಗಳ ಸಂಪಾದಕರು ಒಪ್ಪಿರಬೇಕು, ಎರಡನೆಯವರ ಕೈಗೆ ಮೂಲ ಲೇಖನ ಸಿಕ್ಕಿರಬೇಕು. ಓದುಗರ ಬಳಗ ಬೇರೆ ಇರಬೇಕು. ಲೇಖಕರು, ಅಂಕಿಅಂಶ, ತೀರ್ಮಾನ ಮೂಲದಲ್ಲಿದ್ದಂತೆಯೇ ಇರಬೇಕು. ಇದು ಮೊದಲು ಎಲ್ಲಿ ಬಂತು ಎಂದು ಪೂರ್ಣ ವಿವರದೊಂದಿಗೆ ಟಿಪ್ಪಣಿ ಇರಬೇಕು, ಶೀರ್ಷಿಕೆಯಲ್ಲೇ ಅನುವಾದ ಎಂದು ಗೊತ್ತಾಗಬೇಕು. ಈ ದಾರಿಯಲ್ಲಿ ಹೋದರೆ ಐದನೇ ಟೇಬಲ್ ತೆಗೆಯಬೇಕು. ಎಲ್ಲ ಜರ್ನಲ್‌ಗಳೂ ಅನುವಾದ ತೆಗೆದುಕೊಳ್ಳುವುದಿಲ್ಲ, ಕಳಿಸುವ ಮುಂಚೆಯೇ ಮೇಲ್ ಮಾಡಿ ಕೇಳಿ. ಪ್ರಮೋಷನ್‌ಗೆ ಅಂಕ ಲೆಕ್ಕ ಹಾಕುವಾಗ ಇದನ್ನು ಎರಡನೇ ಸಂಶೋಧನಾ ಲೇಖನ ಎಂದು ಎಣಿಸಬೇಡಿ. ಬಯೋಡೇಟಾದಲ್ಲಿ ಮೂಲ ಲೇಖನದ ಕೆಳಗೇ, ಅದರ ಇಂಗ್ಲಿಷ್ ಅನುವಾದ ಎಂದು ಬರೆಯಿರಿ.

ಎರಡನೇ ದಾರಿ ಹೊಸ ಲೇಖನ. ನನ್ನ ಮನಸ್ಸು ಇದರ ಕಡೆಗಿದೆ, ಯಾಕೆಂದರೆ ನಿಮ್ಮ ಐದನೇ ಟೇಬಲ್ ನಿಜಕ್ಕೂ ಚೆನ್ನಾಗಿದೆ. 2019ರಲ್ಲಿ ಕಂಡ ಅದೇ ಮನೆಗಳಿಗೆ ಐದು ವರ್ಷ ಬಿಟ್ಟು ಹೋಗಿ ಸಾಲ ಏನಾಯಿತು ಎಂದು ಕೇಳಿದ್ದೀರಿ. 2021ರ ಲೇಖನ ರೀಲರ್‌ಗಳು ಗೂಡು ಕೊಳ್ಳಲು ಯಾರ ಹತ್ತಿರ ಸಾಲ ಮಾಡುತ್ತಾರೆ ಎಂದು ಕೇಳಿತ್ತು. ಹೊಸದು ಸಾಲ ಮಾಡಿದ ಆ ರೀಲರ್‌ಗಳಲ್ಲಿ ಯಾರು ರೀಲಿಂಗ್‌ನಲ್ಲೇ ಉಳಿದರು, ಯಾರು ಬಿಟ್ಟರು ಎಂದು ಕೇಳುತ್ತದೆ. ಪ್ರಶ್ನೆಯೇ ಬೇರೆ. ಹಾಗಿದ್ದರೆ ಲೇಖನವನ್ನೂ ಆ ಪ್ರಶ್ನೆಯಿಂದಲೇ ಬರೆಯಬೇಕು. ಹಳೆಯ ನಾಲ್ಕು ಟೇಬಲ್ ಬಿಡಿ. ಅವುಗಳ ಫಲಿತಾಂಶವನ್ನು ಅರ್ಧ ಪುಟದಲ್ಲಿ, 2021ರ ಲೇಖನವನ್ನು ಉಲ್ಲೇಖಿಸಿ ಹೇಳಿ. ಸಮೀಕ್ಷೆ ಹೇಗೆ ಮಾಡಿದಿರಿ ಎಂಬ ಭಾಗದಲ್ಲಿ ಮಾತ್ರ ಹಳೆಯದು ಸ್ವಲ್ಪ ಬರಲೇಬೇಕು. ಮನೆ ಆರಿಸಿದ ಕ್ರಮವನ್ನು ಬೇರೆ ಬೇರೆ ಮಾತಿನಲ್ಲಿ ತಿರುಚಿ ಬರೆಯುವುದರಿಂದ ಓದುಗನಿಗೆ ಗೊಂದಲ ಅಷ್ಟೇ. ಅದು ಹಿಂದಿನ ಲೇಖನದ ವಿವರಣೆಯ ಅನುವಾದ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು.

ಒಂದು ಜಾಗದಲ್ಲಿ ಜಾಸ್ತಿ ಎಚ್ಚರ ಬೇಕು. ನೀವು ಈಗ 2019ರಲ್ಲಿ 72 ಕುಟುಂಬ, 2024ರಲ್ಲಿ 46 ಕುಟುಂಬ ಎಂದಷ್ಟೇ ಬರೆದಿದ್ದೀರಿ. ಓದುವವರು ಎರಡನ್ನೂ ಕೂಡಿ 118 ಮಾಡುತ್ತಾರೆ. ಆ 46 ಮನೆಗಳು 72ರೊಳಗಿನವೇ. ಮನೆಗಳು ಇರುವುದು 72 ಮಾತ್ರ. ನಾಳೆ ಯಾರಾದರೂ ರೇಷ್ಮೆ ಕಸುಬಿನ ಸಾಲದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದರೆ, ನಿಮ್ಮ ಎರಡು ಲೇಖನಗಳ ಸಂಬಂಧ ಗೊತ್ತಿಲ್ಲದೆ ಅದೇ ಮನೆಯವರನ್ನು ಎರಡು ಸಲ ಎಣಿಸುತ್ತಾರೆ. ನಿಮ್ಮ ಕಡೆ ವಾಲಿದ ತಪ್ಪು ಉತ್ತರ ಬರುತ್ತದೆ, ಅದು ತಪ್ಪು ಎಂದು ಅವರಿಗೆ ಗೊತ್ತಾಗುವ ದಾರಿಯೂ ಇರುವುದಿಲ್ಲ. ಹಳೆಯದನ್ನು ಹೇಳಿ ಎಂದು ನಾವು ಒತ್ತಾಯ ಮಾಡುವುದಕ್ಕೆ ನಿಜವಾದ ಕಾರಣ ಇದು. ಹಾಗಾಗಿ ಬಿಡಿಸಿ ಬರೆಯಿರಿ: 2019ರಲ್ಲಿ ಸಮೀಕ್ಷೆ ಮಾಡಿದ 72 ಕುಟುಂಬಗಳಲ್ಲಿ 46ನ್ನು ಮತ್ತೆ ಭೇಟಿ ಮಾಡಲಾಯಿತು, ಉಳಿದ 26 ಈ ಕಾರಣಕ್ಕೆ ಸಿಗಲಿಲ್ಲ. ಆ 26ರ ಕಾರಣವನ್ನು ತಪ್ಪದೆ ಬರೆಯಿರಿ. ಸಾಲ ತೀರಿಸಲಾಗದೆ ಊರು ಬಿಟ್ಟವರೇ ಅದರಲ್ಲಿ ಜಾಸ್ತಿ ಇದ್ದರೆ ನಿಮ್ಮ ತೀರ್ಮಾನವೇ ಬದಲಾಗುತ್ತದೆ, ಅಲ್ವಾ?

ಹೇಳಬೇಕಾದದ್ದನ್ನು ಮೂರು ಕಡೆ ಹೇಳಬೇಕು: ಸಂಪಾದಕರಿಗೆ ಬರೆಯುವ ಪತ್ರದಲ್ಲಿ, ಮೊದಲ ಪುಟದ ಅಡಿಟಿಪ್ಪಣಿಯಲ್ಲಿ, ಅಂಕಿಅಂಶ ವಿವರಿಸುವ ಭಾಗದಲ್ಲಿ. ಹೊಸ ಲೇಖನವಾದರೆ ಪತ್ರ ಹೀಗಿದ್ದರೆ ಸಾಕು, ಇಂಗ್ಲಿಷಿನಲ್ಲಿ ಇದೇ ಅರ್ಥ ಬರಲಿ: "ಈ ಲೇಖನ ಬಳಸುವ 2019ರ ಸಮೀಕ್ಷೆಯ ಫಲಿತಾಂಶಗಳು ಇದೇ ಲೇಖಕರಿಂದ 2021ರಲ್ಲಿ ಕನ್ನಡದ ಇಂಥ ಜರ್ನಲ್‌ನ ಇಂಥ ಸಂಚಿಕೆಯಲ್ಲಿ ಪ್ರಕಟವಾಗಿವೆ. 2024ರ ಮರುಭೇಟಿಯ ಅಂಕಿಗಳು, ಅವುಗಳ ಟೇಬಲ್ ಮತ್ತು ವಿಶ್ಲೇಷಣೆ ಎಲ್ಲೂ ಪ್ರಕಟವಾಗಿಲ್ಲ. ಸಮೀಕ್ಷಾ ವಿಧಾನದ ವಿವರಣೆ ಕನ್ನಡ ಲೇಖನದ ಅನುವಾದ. ಕನ್ನಡ ಲೇಖನವನ್ನೂ ಅದರ ಇಂಗ್ಲಿಷ್ ಸಾರಾಂಶವನ್ನೂ ಲಗತ್ತಿಸಿದ್ದೇವೆ." ಇಂಗ್ಲಿಷ್ ಸಾರಾಂಶ ಮರೆಯಬೇಡಿ. ಆ ಸಂಪಾದಕರಿಗೆ ಕನ್ನಡ ಬರದಿದ್ದರೆ ಎಷ್ಟು ಹಳೆಯದು, ಎಷ್ಟು ಹೊಸದು ಎಂದು ಅವರು ತೂಗುವುದು ಹೇಗೆ?

ಹೆಸರು ಮುಚ್ಚಿ ವಿಮರ್ಶೆ ಮಾಡಿಸುವ ಜರ್ನಲ್ ಆದರೆ, ವಿಮರ್ಶಕರಿಗೆ ಹೋಗುವ ಪ್ರತಿಯಲ್ಲಿ ಮೊದಲ ಪುಟದ ಟಿಪ್ಪಣಿ ತೆಗೆಯಿರಿ. ಆದರೆ ಹಳೆಯ ಲೇಖನ ಇದೆ ಎಂಬುದನ್ನು ತೆಗೆಯಬೇಡಿ. ಲೇಖಕರ ಹಿಂದಿನ ಲೇಖನ, ವಿವರ ಮರೆಮಾಡಿದೆ ಎಂದು ಬರೆಯಿರಿ. ಎಷ್ಟೋ ಜನ ಹೆಸರು ಗೊತ್ತಾಗುತ್ತದೆ ಎಂಬ ನೆಪದಲ್ಲಿ ಉಲ್ಲೇಖವನ್ನೇ ಅಳಿಸಿ, ಪ್ರಕಟವಾಗುವಾಗ ವಾಪಸ್ ಹಾಕಲು ಮರೆಯುತ್ತಾರೆ.

ಹಕ್ಕಿನ ವಿಷಯ ಚುಟುಕಾಗಿ ಹೇಳುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದ ಮಾಡುವುದು ಪ್ರತ್ಯೇಕ ಹಕ್ಕು. ಆ ಹಕ್ಕನ್ನು ವಹಿಸಿಕೊಡಬೇಕಾದರೆ ಬರವಣಿಗೆ ಮತ್ತು ಸಹಿ ಇರಲೇಬೇಕು. ನಮ್ಮ ಕನ್ನಡ ಜರ್ನಲ್‌ಗಳು ಸಾಮಾನ್ಯವಾಗಿ ಇದಕ್ಕೆ ಸಹಿ ಹಾಕಿಸಿಕೊಳ್ಳುವುದೇ ಇಲ್ಲ. ನೀವು 2021ರಲ್ಲಿ ಏನಾದರೂ ಸಹಿ ಮಾಡಿದ್ದೀರಾ ಎಂದು ಹಳೆಯ ಮೇಲ್ ಹುಡುಕಿ. ಮಾಡಿದ್ದರೆ ಅದರಲ್ಲಿ ಅನುವಾದದ ಮಾತಿದೆಯಾ, ಎಷ್ಟು ವರ್ಷಕ್ಕೆ ಎಂದಿದೆಯಾ ನೋಡಿ. ಅವಧಿ ಬರೆದಿರದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ಹಿಡಿಯುತ್ತದೆ. ಸಹಿ ಇರಲಿ ಬಿಡಲಿ, ಸಂಪಾದಕರಿಗೆ ನಾಲ್ಕು ಸಾಲು ಬರೆದು ಅವರ ಒಪ್ಪಿಗೆಯ ಉತ್ತರ ಇಟ್ಟುಕೊಳ್ಳಿ. ತಿದ್ದುಪಡಿಯ ಪತ್ರದಲ್ಲೇ ಇದನ್ನೂ ಸೇರಿಸಬಹುದು.

ಅನುವಾದ ಮಾಡಿಕೊಟ್ಟ ಮೇಡಂ ಲೇಖಕರಾಗುವುದಿಲ್ಲ. ಆದರೆ ಅವರ ಅನುವಾದದ ಮೇಲೆ ಅವರಿಗೂ ಹಕ್ಕಿದೆ. ಅದರಿಂದ ಯಾವುದೇ ಭಾಗ ಬಳಸುವುದಾದರೆ ಅವರ ಲಿಖಿತ ಒಪ್ಪಿಗೆ ಪಡೆದು, ಅನುವಾದ ಇಂಥವರದ್ದು ಎಂದು ಹೆಸರು ಹಾಕಿ. ನಿಮ್ಮ ವಿದ್ಯಾರ್ಥಿಯ ಹೆಸರು ಈ ಇಂಗ್ಲಿಷ್ ಪ್ರತಿಯಲ್ಲಿ ಕೃತಜ್ಞತೆಯ ಭಾಗಕ್ಕೆ ಇಳಿದಿದೆ. ಯಾಕೆ ಎಂದು ನೀವು ಬರೆದಿಲ್ಲ. ಅನುವಾದದ ದಾರಿ ಹಿಡಿದರೆ ಅವರು ಲೇಖಕರೇ, ಮೊದಲಿದ್ದ ಕ್ರಮದಲ್ಲೇ. ಹೊಸ ಲೇಖನವಾದರೂ 2019ರ ಅಂಕಿಗಳು ಅವರ ಶ್ರಮದಿಂದಲೂ ಬಂದವು. ಅವರಿಗೆ ಫೋನ್ ಮಾಡಿ, ಮರುಭೇಟಿಯ ವಿಶ್ಲೇಷಣೆ ಮತ್ತು ಬರವಣಿಗೆಯಲ್ಲಿ ಸೇರಿಕೊಳ್ಳಲು ಕೇಳಿ. ಅವರು ಬೇಡ ಎಂದರೆ ಅದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಅವರು ನೋಡದ ಪ್ರತಿ ಎಲ್ಲಿಗೂ ಹೋಗಬಾರದು.

ಇದನ್ನು ಓದುವವರಲ್ಲಿ ಯಾರಾದರೂ ಆಗಲೇ ಹೇಳದೆ ಕಳಿಸಿಬಿಟ್ಟಿದ್ದರೆ, ವಿಮರ್ಶೆಯ ಹಂತದಲ್ಲೇ ಸಂಪಾದಕರಿಗೆ ಬರೆದು ತಿಳಿಸಿ. ಅಚ್ಚಾಗಿಯೇ ಹೋಗಿದ್ದರೂ ದಾರಿ ಇದೆ. ಸಂಪಾದಕರಿಗೆ ಮಾರ್ಗದರ್ಶನ ಕೊಡುವ ಕೋಪ್ ಸಮಿತಿಯ ಪ್ರಕಾರ ಮೂಲವನ್ನು ಹೇಳಿದ ಅನುವಾದ ಸಾಮಾನ್ಯವಾಗಿ ಒಪ್ಪತಕ್ಕದ್ದು. ಮೂಲದ ಉಲ್ಲೇಖ ಬಿಟ್ಟುಹೋಗಿದ್ದರೆ ಲೇಖನವನ್ನು ಹಿಂತೆಗೆಯುವ ಬದಲು ತಿದ್ದುಪಡಿ ಹಾಕುವುದನ್ನು ಸಂಪಾದಕರು ಯೋಚಿಸಬಹುದು ಎಂದೂ ಅದು ಹೇಳುತ್ತದೆ. ನಾವಾಗಿ ಹೇಳಿದಾಗ ಸಂಪಾದಕರಿಗೆ ಹಾಗೆ ಮಾಡುವುದು ಸುಲಭವಾಗುತ್ತದೆ.

ಕೊನೆಯದಾಗಿ ರೀಲರ್‌ಗಳ ಮಾತುಗಳು. ಕನ್ನಡ ಲೇಖನದಲ್ಲಿ ಆರು ಜನರ ಮಾತು ಉದ್ಧರಿಸಿದ್ದೀರಿ. ಶಿಡ್ಲಘಟ್ಟದಲ್ಲಿ ಮಾತಾಡಿಸಿದ್ದೀರಿ ಅಂದಮೇಲೆ ಅದರಲ್ಲಿ ಕೆಲವರು ಉರ್ದುವಿನಲ್ಲಿ, ಕೆಲವರು ತೆಲುಗಿನಲ್ಲಿ ಹೇಳಿರಬೇಕು. ಅದನ್ನು ನೀವು ಕನ್ನಡ ಮಾಡಿದಿರಿ, ಈಗ ಕನ್ನಡದಿಂದ ಇಂಗ್ಲಿಷ್ ಆಗಿದೆ. ಹೊಸ ಲೇಖನದಲ್ಲಿ ಅವರ ಮಾತು ಬಳಸುವುದಾದರೆ 2019ರ ರೆಕಾರ್ಡಿಂಗ್ ತೆಗೆದು, ಅವರು ಆಡಿದ ಭಾಷೆಯಿಂದಲೇ ನೇರವಾಗಿ ಇಂಗ್ಲಿಷಿಗೆ ಮಾಡಿಸಿ. ಯಾರು ಯಾವ ಭಾಷೆಯಲ್ಲಿ ಹೇಳಿದರು ಎಂದು ಪಕ್ಕದಲ್ಲಿ ಬರೆಯಿರಿ. ರೆಕಾರ್ಡಿಂಗ್ ಉಳಿದಿಲ್ಲದಿದ್ದರೆ ಆ ಮಾತು ಕನ್ನಡ ಲೇಖನದಿಂದ ಅನುವಾದಿಸಿದ್ದು ಎಂದು ಅಲ್ಲೇ ತಿಳಿಸಿ.